ಹತ್ತಿಯ ಪಾಠ

ಗಡಿಯೂರು ಪೆದ್ದಹರಿವಾಣಂನ ಕನ್ನಡ ಶಾಲೆಗೆ ಆಗ ನಾನೊಬ್ಬಳೇ ಶಿಕ್ಷಕಿ. ಅಂದು ಎಲ್ಲರಿಗೂ ಹತ್ತಿಯ ಪಾಠ. ಸರಾಗವಾಗಿ ಓದುವವರು ಇಡೀ ಪಾಠವನ್ನು ತಾವೇ ಓದಿ, ಸಾರ ಬರೆದರು. ತಡವರಿಸುವವರಿಗೆ ಹಲಗೆಯ ಮೇಲೆ ನಾಲ್ಕು ಸಣ್ಣ ವಾಕ್ಯ ಬರೆದೆ; ಅವರು ಜೋಡಿಯಾಗಿ ಓದಿ, ಚಿತ್ರ ಬಿಡಿಸಿ ಭಾಗಗಳ ಹೆಸರು ಬರೆದರು. ಮನೆಯಲ್ಲಿ ತೆಲುಗು ಆಡುವ, ಅಕ್ಷರ ಬಾರದ ನೇಕಾರರ ಹುಡುಗಿಗೆ ಬೀಜ, ಕಾಯಿ, ಅರಳೆ, ನೂಲು ಕೊಟ್ಟು ಪಾಠವನ್ನು ಬಾಯಲ್ಲೇ ಹೇಳಿದೆ. ಅವನ್ನು ಕ್ರಮವಾಗಿ ಜೋಡಿಸಿ ಅವಳು ವಿವರಿಸಬೇಕಿತ್ತು.

ತಪಾಸಣೆಗೆ ಬಂದಿದ್ದ ಇನ್‌ಸ್ಪೆಕ್ಟರು ಅವಳ ಖಾಲಿ ಸ್ಲೇಟು ನೋಡಿ, "ಈಕಿ ಏನೂ ಕಲಿತಿಲ್ಲಲ್ರಿ?" ಎಂದರು.

"ಕೇಳಿ ನೋಡ್ರಿ," ಎಂದೆ.

ಅವಳು ಬೀಜದಿಂದ ನೂಲಿನವರೆಗೆ ಅರ್ಧ ತೆಲುಗಿನಲ್ಲಿ ತಡೆಯಿಲ್ಲದೆ ಹೇಳಿದಳು.

"ಬರಿಯೋದು ಯಾವಾಗವ್ವ?" ಅವಳನ್ನು ಕೇಳಿದ ಇನ್‌ಸ್ಪೆಕ್ಟರ ದನಿ ಮೆತ್ತಗಾಗಿತ್ತು.

"ನಾಳೆ 'ನೂಲು' ಅಂತ ಬರೀತೀನ್ರಿ," ಎಂದಳು ಹುಡುಗಿ.

ಮರುದಿನ ಅವಳಿಗೆ ಆ ಒಂದೇ ಪದವನ್ನು ಪಾಠವಾಗಿ ಕೊಟ್ಟೆ.