ಎರಡು ಕಡಬ, ಎರಡು ಸಲ ದುಡ್ಡು

ಎಪ್ಪತ್ತರ ದಶಕದ ಕೊನೆಯಲ್ಲಿ ತುಮಕೂರಿನ ಒಂದು ಹೊಲಿಗೆ ಮೆಷಿನ್ ಅಂಗಡಿಯಲ್ಲಿ ನಾನು ಟೈಪಿಸ್ಟ್. ಕುಣಿಗಲ್ಲಿನಿಂದ ಬೆಳಿಗ್ಗೆ ಬಸ್ಸಿನಲ್ಲಿ ಬರುತ್ತಿದ್ದೆ. ಕೈಯಲ್ಲಿ ಟಿಫಿನ್ ಕ್ಯಾರಿಯರ್, ತಲೆಯಲ್ಲಿ ಕಾನ್ವೆಂಟಿನ ಗ್ರಾಮರ್. ಮೆಷಿನ್ ಎಣ್ಣೆಯ ವಾಸನೆ ಎಲ್ಲಾದರೂ ಬಂದರೆ ಈಗಲೂ ಒಂದು ಗಳಿಗೆ ನಿಂತುಬಿಡುತ್ತೇನೆ.

ಒಂದು ದಿನ ಕಡಬದ ಹೊಲಿಗೆಯಾಕೆಯೊಬ್ಬಳ ಕಾರ್ಡ್ ಬಂತು. ಮೆಷಿನ್ನಿನಲ್ಲಿ ಕೆಳಗಿನ ದಾರ ಕೂರುವ ಬಾಬಿನ್ ಕೇಸಿಗೆಂದು ಆಕೆ ಮೊದಲೇ ಮನಿಆರ್ಡರ್ ಮಾಡಿದ್ದಳು. ಸಾಮಾನು ತಿಂಗಳ ಮೇಲೆ ವಿ.ಪಿ.ಯಲ್ಲಿ, ಅಂದರೆ ಪೋಸ್ಟ್‌ಮ್ಯಾನ್‌ಗೆ ದುಡ್ಡು ಕೊಟ್ಟು ಬಿಡಿಸಿಕೊಳ್ಳುವ ಪಾರ್ಸೆಲಾಗಿ, ಬಂದಿತ್ತು. ಮೆಷಿನ್ ನಿಂತಿದ್ದರಿಂದ, ಪೋಸ್ಟ್‌ಮ್ಯಾನ್ ಕೇಳಿದ ದುಡ್ಡನ್ನು ಮತ್ತೆ ಕೊಟ್ಟು ಬಿಡಿಸಿಕೊಂಡಿದ್ದಳು. ‘ಒಂದು ಸಾಮಾನಿಗೆ ಎರಡು ಸಲ ಕೊಟ್ಟಿದ್ದೀನಿ. ವಾಪಸ್ ಬರುತ್ತೋ ಇಲ್ಲವೋ ತಿಳಿಸಿ.’

ಪಾರ್ಸೆಲ್ ರಿಜಿಸ್ಟರ್ ತೆಗೆದು ನೋಡಿದೆ. ಪಾರ್ಸೆಲಿನ ಮೇಲೆ ಗುಬ್ಬಿ ತಾಲ್ಲೂಕು ಬಿಟ್ಟು ಬರೀ ‘ಕಡಬ’ ಎಂದು ಬರೆದವಳು ನಾನೇ. ಅದು ದಕ್ಷಿಣ ಕನ್ನಡದ ಕಡಬಕ್ಕೆ ಹೋಗಿ, ಅಲ್ಲಿ ಅಂಥವರು ಯಾರೂ ಇಲ್ಲವೆಂದು ತಿರುಗಿ ಬಂದಿತ್ತು. ಮತ್ತೆ ಕಳಿಸುವಾಗ ದುಡ್ಡು ಬಂದಿರುವುದನ್ನು ನೋಡದೆ, ದಿನದ ಅಭ್ಯಾಸದಂತೆ ವಿ.ಪಿ. ಫಾರಂ ತುಂಬಿದ್ದೆ.

“ಪೋಸ್ಟಿನೋರ ಮೇಲೆ ಹಾಕಮ್ಮ,” ಎಂದರು ಅಂಗಡಿಯ ಯಜಮಾನರು. “ಅವರೇನು ಬಂದು ಜಗಳ ಆಡ್ತಾರಾ?”

ಪೋಸ್ಟಿನವರ ಹೆಸರೆತ್ತದೆ, ‘ರಿಗ್ರೆಟ್ ದಿ ಇನ್‌ಕನ್ವೀನಿಯನ್ಸ್’ ಎಂದು ಇಂಗ್ಲಿಷಿನಲ್ಲಿ ನೀಟಾಗಿ ಟೈಪ್ ಮಾಡಿದೆ. ಯಜಮಾನರು ಬಗ್ಗಿ ನೋಡಿದರು.

“ಏನಮ್ಮಾ ಕಾನ್ವೆಂಟು, ಆಯಮ್ಮ ಇದನ್ನ ಓದ್ತಾಳೋ, ಮೆಷಿನ್‌ಗೆ ಹಾಕಿ ಹೊಲೀತಾಳೋ?”

ನಾಚಿಕೆಯಾಗಿ ಹಾಳೆ ಎಳೆದು, ಕೈಯಲ್ಲೇ ಕನ್ನಡದಲ್ಲಿ ಬರೆಯತೊಡಗಿದೆ. ‘ತಪ್ಪಾಗಿದೆ’ ಎಂದು ಬರೆದೆ. ಅದು ಯಾರೂ ಮಾಡದೆ ತಾನೇ ಆದ ಹಾಗೆ ಕಾಣಿಸಿತು. ಹೊಡೆದುಹಾಕಿದೆ. ‘ವಿಳಾಸವನ್ನು ಅರ್ಧ ಬರೆದವಳು ನಾನು. ಹಣ ಬಂದಿದ್ದರೂ ವಿ.ಪಿ. ಮಾಡಿದವಳೂ ನಾನೇ. ಎರಡನೇ ಸಲ ಕೊಟ್ಟದ್ದನ್ನು ಇಂದೇ ಮನಿಆರ್ಡರ್ ಮಾಡುತ್ತಿದ್ದೇವೆ.’

ಯಜಮಾನರು ಎರಡು ಸಲ ಓದಿದರು. “ಮನಿಆರ್ಡರ್ ಕಮಿಷನ್ ಮುರ್ಕೊಂಡು ಕಳ್ಸು.”

“ಅದನ್ನ ನನ್ನ ಸಂಬಳದಲ್ಲಿ ಹಿಡ್ಕೊಳಿ ಸಾರ್.”

“ಓಹೋ, ದೊಡ್ಡೋಳಾಗ್ಬಿಟ್ಟೆ! ಬುಡಮ್ಮ, ಪೂರ್ತಿ ಕಳ್ಸು.”

ಹದಿನೈದು ದಿನ ಕಳೆದು ಒಬ್ಬ ಹೆಂಗಸು ಅಂಗಡಿಗೆ ಬಂದು ಸೂಜಿಯ ಪ್ಯಾಕೆಟ್ ಕೇಳಿದಳು. ನನ್ನ ಕಾಗದ ಕೈಯಲ್ಲಿತ್ತು.

“ಇದ್ನ ಬರ್ದೋರು ನೀವೇನಾ? ಓ, ಇನ್ನೂ ಚಿಕ್ಕ್ ಹುಡ್ಗಿ! ದುಡ್ಡು ಬಂತು ಕಣವ್ವ.”

ನಾನು ‘ಸಾರಿ’ ಎಂದೆ.

“ಮೆಷಿನ್ ನಿಂತಿದ್ದಾಗ ಎರಡು ಮದ್ವೆ ರವಿಕೆಗಳು ಬೇರೆಯೋರ ಪಾಲಾದ್ವು. ಅದ್ಕೇನ್ ಮಾಡ್ತೀರಾ, ಬುಡಿ.”

ನಗುತ್ತಲೇ ಹೇಳಿದಳು. ಆ ರವಿಕೆಗಳಿಗೆ ಮನಿಆರ್ಡರ್ ಮಾಡುವ ಫಾರಂ ನನ್ನ ಹತ್ತಿರ ಇರಲಿಲ್ಲ. ಸೂಜಿ ಕಟ್ಟಿಕೊಟ್ಟು, ಗುಬ್ಬಿ ಬಸ್ ನಿಲ್ಲುವ ಜಾಗದವರೆಗೂ ಆಕೆಯ ಜೊತೆ ನಡೆದುಹೋದೆ.