ಮಡಿಚಿಟ್ಟ ಕಾಲಂ

ಪ್ರಥಮ ಪಿಯುಸಿಯ ಫಿಸಿಕ್ಸ್ ಪರೀಕ್ಷೆಗೆ ನಾನೊಂದು ಸೂತ್ರಗಳ ಹಾಳೆ ಬರೆದಿದ್ದೆ. ಚಲನೆ, ಬಲ, ಉಷ್ಣ ಎಂದು ಪಾಠವಾರು ಗುಂಪು, ಪ್ರತಿ ಸೂತ್ರದ ಪಕ್ಕ ಅದರ ಏಕಮಾನ, ಬಲತುದಿಯ ಕಾಲಂನಲ್ಲಿ ‘ಯಾವಾಗ ಬಳಸಬಹುದು’. ಇಡೀ ಕ್ಲಾಸು ಜೆರಾಕ್ಸ್ ಕೇಳಿತು. ಕೂತಲ್ಲೇ ಜಾಣರಾಗಲು ಹೊರಟವರನ್ನು ಕಂಡು ನನಗೆ ಉರಿದುಹೋಯಿತು. ಕೊನೆಯ ಕಾಲಂ ಹಿಂದಕ್ಕೆ ಮಡಿಚಿ, ಹಾಳೆಯನ್ನು ಬೆಂಚಿನ ಗೆಳತಿಗೆ ಕೊಟ್ಟು, “ಹೀಗೇ ಮಾಡಿಸು” ಎಂದೆ. ಪುತ್ತೂರು ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಯಲ್ಲಿ ಹಾಗೇ ಮಾಡಿಸಿ ತಂದಳು.

ಪರೀಕ್ಷೆಯಲ್ಲಿ ಬಂದ ಪ್ರಶ್ನೆ: ನಿಂತಿದ್ದ ಕಾರಿನ ವೇಗೋತ್ಕರ್ಷ a = 2t; ಮೂರು ಸೆಕೆಂಡಿನ ಬಳಿಕ ವೇಗವೆಷ್ಟು? ಎಲ್ಲರೂ v = u + at ಹಾಕಿ ಹದಿನೆಂಟು ಬರೆದರು. ಇಲ್ಲಿ ವೇಗೋತ್ಕರ್ಷ ಕ್ಷಣಕ್ಷಣಕ್ಕೂ ಏರುತ್ತಿತ್ತು; ಅದು ಬದಲಾಗದಿದ್ದರೆ ಮಾತ್ರ ಆ ಸೂತ್ರ ಬಳಸಬೇಕೆಂಬ ಮಾತು ಮಡಿಕೆಯೊಳಗಿತ್ತು. ಸೆಕೆಂಡಿಗೆ ಒಂಬತ್ತು ಮೀಟರ್ ಎಂಬ ಸರಿಯುತ್ತರ ಬರೆದದ್ದು ಗೆಳತಿ ಒಬ್ಬಳೇ.

ನನ್ನದೂ ಹದಿನೆಂಟು.

“ಎಂತ ಮಾರಾಯ್ತಿ,” ಎಂದಳು ಅವಳು, “ಅಂಗಡಿಗೆ ಹೋಗುವಾಗ ನಾನು ಆ ಮಡಿಕೆ ಬಿಡಿಸಿ ಓದಿದ್ದೆ. ವಾಪಸು ಕೊಟ್ಟ ಮೇಲೆ ನೀನು ಬಿಡಿಸ್ಲೇ ಇಲ್ವಾ?”