ಗಾಳಿ ಪೈಪಿನ ಬಾಯಿ ಮುಚ್ಚಿದ ಮನೆ

ಆ ಕೇರಿಯಲ್ಲಿ ಅವಳ ನಿಜವಾದ ಹೆಸರು ಗೊತ್ತಿದ್ದವರು ಕಡಿಮೆ. ನಲ್ಲಿ ಸೋರಿದರೂ ಕಮೋಡು ಕಟ್ಟಿಕೊಂಡರೂ ಜನ "ಪೈಪಕ್ಕನ್ನ ಕರೀರಿ" ಅನ್ನುತ್ತಿದ್ದರು. ಎತ್ತರದ ಹೆಂಗಸು. ಕೋಪ ಮೂಗಿನ ತುದಿಯಲ್ಲೇ ಕೂತಿರುತ್ತಿತ್ತು. ಕೆಲಸ ಕಲಿಸಿದ್ದು ಅಪ್ಪ, ಕೋಪ ಕಲಿಸಿದ್ದೂ ಅವನೇ. ನೀರು ಹರಿಯದ ಪೈಪು ಯಾತಕ್ಕೆ ಎಂದು ಚಿಕ್ಕವಳಿದ್ದಾಗ ಒಮ್ಮೆ ಕೇಳಿದ್ದಕ್ಕೆ ಅವನು ಕೆನ್ನೆಗೆ ಬಾರಿಸಿ, "ಉಸಿರು ಬಿಗಿಹಿಡಿದು ನೀರು ಕುಡಿ ನೋಡೋಣ" ಅಂದಿದ್ದ. ಪಾಠ ಅಷ್ಟೆ. ಅದು ಮರೆಯಲಿಲ್ಲ, ಏಟೂ ಮರೆಯಲಿಲ್ಲ. ಮುಂದೆ ಗಂಡ ಕೈ ಎತ್ತಿದ ದಿನ ಅವಳು ತಿರುಗಿಸಿ ಕೊಟ್ಟಳು. ಅವನು ಹೊಸಿಲು ದಾಟಿ ಹೋದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಮರದ ಡಿಪೋದ ಅಣ್ಣತಮ್ಮಂದಿರು ಮೂರಂತಸ್ತಿನ ಮನೆ ಕಟ್ಟಿಸಿದಾಗ ಪೈಪಿನ ಕೆಲಸ ಅವಳದೇ. ಕೆಳಗೆ ದೊಡ್ಡವನು ಮತ್ತು ಅವನ ಹೆಂಡತಿ, ನಡುವೆ ತಾಯಿ, ಮೇಲೆ ಚಿಕ್ಕವನು. ಬಚ್ಚಲ ಮೇಲೆ ಬಚ್ಚಲು, ಒಂದೇ ಸಾಲಿನಲ್ಲಿ. ಹಿಂಬದಿಯ ಗೋಡೆಗೆ ಆನಿಸಿ ನಾಲ್ಕಿಂಚಿನ ಕೊಳಕು ಪೈಪನ್ನು ಕೆಳಗಿನಿಂದ ತಾರಸಿಯ ಆಚೆವರೆಗೂ ಏರಿಸಿ ಬಾಯಿ ತೆರೆದು ಬಿಟ್ಟಳು. ಅದರ ಪಕ್ಕಕ್ಕೇ, ತಾಯಿಯ ಬಚ್ಚಲಿನಿಂದ ಹೊರಟು ಚಿಕ್ಕವನ ಬಚ್ಚಲನ್ನೂ ಸೇರಿಸಿಕೊಂಡು ಮೇಲಕ್ಕೇರುವ ಮೂರಿಂಚಿನ ಗಾಳಿ ಪೈಪು.

ಕೆಳಗಿನ ಬಚ್ಚಲನ್ನು ಮಾತ್ರ ಆ ನಾಲ್ಕಿಂಚಿನ ಉದ್ದ ಪೈಪಿಗೆ ಸೇರಿಸುವುದು ಬೇಡ, ಅಂಗಳದಡಿಯಲ್ಲಿ ಬೇರೆ ಪೈಪು ಎಳೆದು ನೇರ ಹೊರಗಿನ ಕೊಳಚೆ ಚೇಂಬರಿಗೆ ಬಿಡೋಣ ಎಂದಳು. ದೊಡ್ಡವನು ಒಪ್ಪಲಿಲ್ಲ. ಅಂಗಳಕ್ಕೆ ಆಗಲೇ ಕಲ್ಲು ಹಾಸಿಯಾಗಿತ್ತು.

"ಒಂದು ಕಲ್ಲು ಎತ್ತಿದ್ರೂ ನಿನ್ನ ಕೈ ಮುರೀತೀನಿ," ಅಂದ.

ಅವಳೂ ಆ ದಿನ ದಣಿದಿದ್ದಳು. ಹಾಳಾಗಿ ಹೋಗಲಿ ಎಂದು ಕೆಳಗಿನ ಬಚ್ಚಲಿನ ಜಾಲರಿಯಡಿ ನೀರು ನಿಲ್ಲುವ ಟ್ರ್ಯಾಪಿನ ಪೈಪನ್ನು ಉದ್ದ ಪೈಪಿನ ಬುಡದಲ್ಲೇ, ಅದು ಚೇಂಬರಿನತ್ತ ತಿರುಗುವ ಬೆಂಡಿನ ಹತ್ತಿರವೇ ಸೇರಿಸಿದಳು. ಮನೆಯಲ್ಲಿ ಜನ ಕಡಿಮೆ, ನೀರೂ ಕಡಿಮೆ. ಹಾಗಾಗಿ ನಡೆದುಕೊಂಡು ಹೋಯಿತು.

ಕೆಲವು ವರ್ಷ ಕಳೆದ ಮೇಲೆ ಚಿಕ್ಕವನು ತನ್ನ ತಲೆಯ ಮೇಲೆ ಇನ್ನೊಂದು ಅಂತಸ್ತು ಏರಿಸಿದ. ಅಣ್ಣನನ್ನು ಕೇಳಲಿಲ್ಲ. ಪೈಪಕ್ಕನನ್ನೂ ಕರೆಯಲಿಲ್ಲ, ಅವಳ ಬಾಯಿಗೆ ಹೆದರಿ ಬೇರೆ ಯಾವನೋ ಮೇಸ್ತ್ರಿಯನ್ನು ಹಿಡಿದ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವಂತೆ ಅಣ್ಣತಮ್ಮಂದಿರ ಸಂಸಾರ ಮೊದಲೇ ಹಾಗಿತ್ತು. ಈಗ ಎದುರು ಸಿಕ್ಕರೆ ಗೋಡೆ ನೋಡಿಕೊಂಡು ನಡೆಯುವಷ್ಟಾಯಿತು.

ಮೊದಲು ತೊಂದರೆ ಗೊತ್ತಾದದ್ದು ನಡುವಿನ ಮನೆಯ ತಾಯಿಗೆ.

"ಮೇಲೆ ಫ್ಲಶ್ ಎಳೆದಾಗಲೆಲ್ಲ ನನ್ನ ಬಚ್ಚಲು ಗೊಳಕ್ ಅಂತ ನೀರು ನುಂಗುತ್ತೆ ಕಣ್ರೋ," ಎಂದು ಮುದುಕಿ ಇಬ್ಬರು ಮಕ್ಕಳಿಗೂ ಹೇಳಿದಳು. "ಆಮೇಲೆ ಗಬ್ಬು ನಾತ. ಒಂದು ಚೊಂಬು ನೀರು ಸುರಿದ್ರೆ ನಿಲ್ಲುತ್ತೆ, ಮತ್ತೆ ನುಂಗುತ್ತೆ."

"ವಯಸ್ಸಾಯ್ತಮ್ಮ ನಿನಗೆ," ಅಂದರು ಇಬ್ಬರೂ. ಅವರಿಬ್ಬರು ಒಂದೇ ಮಾತಾಡಿದ್ದು ಆ ವರ್ಷದಲ್ಲಿ ಅದೊಂದೇ ಸಲವಿರಬೇಕು.

ಕೆಳಗಿನ ಮನೆಯಲ್ಲಿ ಬೇರೆಯೇ ಕಥೆ. ಹೊಸ ಅಂತಸ್ತಿನಲ್ಲಿ ಬಟ್ಟೆ ಒಗೆಯುವ ಮೆಷಿನ್ನು ನೀರು ಬಿಟ್ಟಾಗ ದೊಡ್ಡವನ ಬಚ್ಚಲಿನ ಜಾಲರಿಯಿಂದ ನೊರೆ ಉಕ್ಕುತ್ತಿತ್ತು. ಒಮ್ಮೊಮ್ಮೆ ನೊರೆಯ ಜೊತೆ ಬರಬಾರದ್ದೂ ಬರುತ್ತಿತ್ತು. ಆ ಭಾನುವಾರ ಬೆಳಿಗ್ಗೆ ದೊಡ್ಡವನು ಸ್ನಾನಕ್ಕೆ ಕೂತಿದ್ದಾಗಲೇ ಕಾಲ ನಡುವೆ ಬುಳುಬುಳು ಎಂದು ಬಂತು. ಅವನು ಟವೆಲು ಸುತ್ತಿಕೊಂಡು ಹೊರಗೆ ಬಂದವನೇ ಕೈಗೆ ಸಿಕ್ಕ ಹೆಂಡತಿಯ ಕಪಾಳಕ್ಕೆ ಹೊಡೆದ. ಯಾಕೆ ಎಂದು ಅವಳು ಕೇಳಲಿಲ್ಲ. ಆ ಮನೆಯಲ್ಲಿ ಏನು ಉಕ್ಕಿದರೂ ಮೊದಲ ಏಟು ಅವಳಿಗೇ ಎಂಬುದು ಅವಳಿಗೆ ರೂಢಿಯಾಗಿತ್ತು.

"ಬೇಕು ಅಂತಲೇ ನನ್ನ ತಲೆ ಮೇಲೆ ಹೇತಿದಾನೆ ಅವನು!" ಎಂದು ಕೂಗುತ್ತ ದೊಡ್ಡವನು ಡಿಪೋದ ಸಮ್ಮಟಿಗೆ ಎತ್ತಿಕೊಂಡು ಮೆಟ್ಟಿಲೇರಿದ. ಚಿಕ್ಕವನ ಹಿಂದಿನ ಬಾಲ್ಕನಿಯಿಂದ ಕೈಚಾಚಿದರೆ ಉದ್ದ ಪೈಪು ಸಿಗುತ್ತಿತ್ತು. ಅವನು ತಲೆಯ ಎತ್ತರಕ್ಕೆ ಬೀಸಿ ಹೊಡೆದ. ಎರಡನೇ ಏಟಿಗೆ ಪೈಪು ಸೀಳಿತು. ಮೇಲೆ ಮೆಷಿನ್ನು ಇನ್ನೂ ನೀರು ಬಿಡುತ್ತಲೇ ಇತ್ತು; ಅಷ್ಟೂ ಅವನ ಮುಖ, ಎದೆಯ ಮೇಲೆ ಸುರಿಯಿತು.

ಚಿಕ್ಕವನು ಓಡಿಬಂದ. ಸೀಳಿ ಬಿದ್ದ ಪೈಪಿನ ತುಂಡನ್ನೇ ಎತ್ತಿ ಅಣ್ಣನ ಬೆನ್ನಿಗೆ ಬಡಿದ. ದೊಡ್ಡವನು ತಿರುಗಿ ಅವನ ಜುಟ್ಟು ಹಿಡಿದು ಬಾಗಿಲ ಚೌಕಟ್ಟಿಗೆ ಜಜ್ಜಿದ. ಹಣೆ ಬಿರಿಯಿತು. ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡವರಂತೆ, ಕಚ್ಚುತ್ತ, ಗುದ್ದುತ್ತ, ಕೊಳಕು ನೀರಿನಲ್ಲಿ ಜಾರಿ ಮೆಟ್ಟಿಲಿನಲ್ಲಿ ಉರುಳಿ ತಾಯಿಯ ಬಾಗಿಲಿಗೆ ಬಿದ್ದರು. ಮುದುಕಿ ಪೊರಕೆಯ ಹಿಡಿಯಿಂದ ಯಾರ ಮೈ ಯಾರದೆಂದು ನೋಡದೆ ಬಾರಿಸಿದಳು.

ಆಗ ಕೆಳಗಿನ ಸೊಸೆ, ದೊಡ್ಡವನ ಹೆಂಡತಿ, ತಾನೇ ಹೋಗಿ ಪೈಪಕ್ಕನನ್ನು ಕರೆತಂದಳು.

ಪೈಪಕ್ಕ ಹಿಂದಿನ ಅಂಗಳದಲ್ಲಿ ನಿಂತು ಕತ್ತೆತ್ತಿ ನೋಡಿದಳು. ಹೊಸ ಅಂತಸ್ತಿನ ಸ್ಲ್ಯಾಬು ಗೋಡೆಗಿಂತ ಮುಂದಕ್ಕೆ ಚಾಚಿತ್ತು. ಅವಳ ಗಾಳಿ ಪೈಪು ಆ ಸ್ಲ್ಯಾಬಿನ ಕೆಳಗೆ ಬಂದು ಸತ್ತಿತ್ತು: ಕೊಯ್ದು, ತುದಿಗೆ ಸಿಮೆಂಟು ಮೆತ್ತಿದ್ದರು. ನಾಲ್ಕಿಂಚಿನ ಪೈಪು ಸ್ಲ್ಯಾಬು ಸೀಳಿಕೊಂಡು ಹೋಗಿ ಹೊಸ ಕಮೋಡಿಗೆ ಅಂಟಿಕೊಂಡು ಅಲ್ಲೇ ಮುಗಿದಿತ್ತು. ಆಕಾಶ ನೋಡುವ ಬಾಯಿ ಎರಡರಲ್ಲಿ ಒಂದಕ್ಕೂ ಇರಲಿಲ್ಲ.

"ಸಣ್ಣ ಪೈಪು ಹಾಕಿ ನಮ್ಮನ್ನ ಮುಳುಗಿಸಿದೆ!" ದೊಡ್ಡವನು ಮೈಯೆಲ್ಲ ಹೊಲಸು ಮಾಡಿಕೊಂಡು ಅಂಗಳಕ್ಕೆ ಬಂದ. "ನಾಲ್ಕು ಬಚ್ಚಲಿಗೆ ನಾಲ್ಕಿಂಚು ಸಾಕಾಗುತ್ತೇನೆ? ಇವತ್ತೇ ಕಿತ್ತು ಆರಿಂಚು ಹಾಕು."

"ನಾಲ್ಕಿಂಚು ಧಾರಾಳ ಆಯ್ತು. ಪೈಪಿನ ಬಾಯಿ ಮುಚ್ಚಿದ್ರೆ ಆರಿಂಚು ಹಾಕಿದ್ರೂ ಬಡಿದಾಟ ತಪ್ಪಲ್ಲ. ನೀರು ಪೈಪಿನ ಗೋಡೆ ಹಿಡ್ಕೊಂಡು ಇಳಿಯುತ್ತೆ, ನಡುವೆ ಗಾಳಿನೂ ಎಳ್ಕೊಂಡು ಹೋಗುತ್ತೆ. ಮೇಲಿಂದ ಗಾಳಿ ಸಿಗದೆ ಇದ್ರೆ ನಿಮ್ಮಮ್ಮನ ಟ್ರ್ಯಾಪಲ್ಲಿ ನಿಂತಿರೋ ನೀರನ್ನೇ ಹೀರ್ಕೊಳ್ಳುತ್ತೆ. ಆ ನೀರು ಹೋದ್ರೆ ನಾತಕ್ಕೆ ತಡೆ ಎಲ್ಲಿದೆ?"

"ನನಗೆ ಪಾಠ ಹೇಳ್ತೀಯ?" ಎಂದವನೇ ಅವಳ ಎಡಗಿವಿಯ ಮೇಲೆ ಹೊಡೆದ. ಮರ ಎತ್ತುವ ಕೈ. ಅವಳ ಕಣ್ಣೆದುರು ಅಂಗಳ ಒಂದು ಸುತ್ತು ತಿರುಗಿತು. ಕಿವಿಯೊಳಗೆ ಏನೋ ಹರಿದು ಬಿಸಿಯಾಗಿ ಕುತ್ತಿಗೆಗೆ ಇಳಿಯಿತು. ಅವನು ಮತ್ತೆ ಕೈ ಎತ್ತಿದ.

ಪೈಪು ತಿರುಗಿಸುವ ಉದ್ದ ಹಿಡಿಯ ಪಾನಾ ಅವಳ ಕೈಯಲ್ಲೇ ಇತ್ತು. ಇಳಿಯುತ್ತಿದ್ದ ಅವನ ಮಣಿಕಟ್ಟಿಗೆ ಎರಡೂ ಕೈಯಿಂದ ಬೀಸಿದಳು. ಮೂಳೆ ಮುರಿದ ಸದ್ದು ಬಾಲ್ಕನಿಯಲ್ಲಿದ್ದ ಚಿಕ್ಕವನಿಗೂ ಕೇಳಿಸಿತು. ದೊಡ್ಡವನು ಮಂಡಿಯೂರಿದ. ಅವಳು ಪಾನಾವನ್ನು ಮತ್ತೆ ಎತ್ತಿದಳು; ಈ ಸಲ ಅವನ ತಲೆ ಏಟಿಗೆ ಸಿಗುವಷ್ಟೇ ಎತ್ತರದಲ್ಲಿತ್ತು. ಹೊಡೆಯಬೇಕೆಂದು ಅವಳಿಗೆ ನಿಜವಾಗಿಯೂ ಅನ್ನಿಸಿತು. ಅಪ್ಪ, ಗಂಡ, ಇವನು, ಎಲ್ಲರದೂ ಒಂದೇ ತಲೆ ಎಂಬಂತೆ ಕಂಡಿತು.

"ಬೇಡ ಕಣೆ ತಾಯಿ," ಎಂದಳು ಮುದುಕಿ ಕಿಟಕಿಯಿಂದ. "ನೀನು ಜೈಲಿಗೆ ಹೋದ್ರೆ ಈ ಪೈಪು ಯಾರು ಮಾಡ್ತಾರೆ?"

ಎಂಥ ಹೊತ್ತಿನಲ್ಲಿ ಎಂಥ ಮಾತು! ಪೈಪಕ್ಕ ಪಾನಾ ಇಳಿಸಿದಳು. ದೊಡ್ಡವನನ್ನು ಡಿಪೋದ ಆಳುಗಳು ಆಸ್ಪತ್ರೆಗೆ ಒಯ್ದರು.

ಅವಳು ಕಿವಿಗೆ ಬಟ್ಟೆ ಕಟ್ಟಿಕೊಂಡು ಏಣಿ ಹತ್ತಿದಳು. ಒಡೆದ ಕಡೆ ಹೊಸ ತುಂಡು ಕೂಡಿಸಿದಳು. ಆಮೇಲೆ ಗರಗಸದಿಂದ ಗಾಳಿ ಪೈಪಿನ ಸಿಮೆಂಟು ಮೆತ್ತಿದ ತುದಿಯನ್ನು ಕೊಯ್ದು, ಮೇಲೆ ಫ್ಲಶ್ ಎಳೆಯಲು ಕೂಗಿ ಹೇಳಿದಳು. ನೀರು ಧಡಧಡನೆ ಇಳಿಯಿತು. ಪೈಪು ಅವಳ ಅಂಗೈ ಪಕ್ಕದಲ್ಲೇ ಸುಯ್ ಎಂದು ಗಾಳಿ ಎಳೆದುಕೊಂಡಿತು.

"ನುಂಗಲಿಲ್ಲ!" ಎಂದಳು ಮುದುಕಿ ಒಳಗಿನಿಂದ. "ನೀರು ಅಲುಗಾಡ್ತು, ಆದ್ರೆ ಇದ್ದಲ್ಲೇ ಇದೆ."

ಪೈಪಕ್ಕ ಸ್ಲ್ಯಾಬಿನ ಅಂಚು ಸುತ್ತಿಸಿ ಆ ಪೈಪನ್ನು ಹೊಸ ತಾರಸಿಗಿಂತ ಮೇಲಕ್ಕೆ ಒಯ್ದಳು. ಹೊಸ ಕಮೋಡು ಸೇರುವ ಜಾಗಕ್ಕಿಂತ ಮೇಲೆ ಉದ್ದ ಪೈಪನ್ನೂ ಬೆಳೆಸಿ, ಅದರ ಬಾಯಿಯನ್ನೂ ಹೊರಗೆ ತೆರೆದಳು. ಹಣೆಗೆ ಪಟ್ಟಿ ಕಟ್ಟಿಕೊಂಡಿದ್ದ ಚಿಕ್ಕವನು ಏಣಿ ಹಿಡಿದುಕೊಂಡು ನಿಂತಿದ್ದ.

ಆದರೆ ಮೆಷಿನ್ನು ಬಿಟ್ಟು ನೋಡಿದರೆ ಕೆಳಗಿನ ಬಚ್ಚಲಿನಲ್ಲಿ ನೊರೆ ಮತ್ತೆ ಬಂತು. ಮೊದಲಿಗಿಂತ ಕಡಿಮೆ, ಆದರೂ ಬಂತು.

ಪೈಪಕ್ಕ ಜಾಲರಿಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ನಾಲ್ಕಂತಸ್ತು ಇಳಿದ ನೀರು ಬುಡದ ಬೆಂಡಿಗೆ ಬಡಿದು ಎದ್ದು ನಿಲ್ಲುತ್ತದೆ. ಅದರ ಮುಂದಿನ ಗಾಳಿಗೆ ಓಡಲು ಜಾಗವಿಲ್ಲ, ಹತ್ತಿರದ ಟ್ರ್ಯಾಪನ್ನೇ ದೂಡಿಕೊಂಡು ಬರುತ್ತದೆ. ಅವಳೇ ಮಾಡಿದ ಜೋಡಣೆ.

"ಇದು ನಾನು ಸೋತ ಜಾಗ ಅತ್ತಿಗೆ," ಎಂದಳು ಕೆಳಗಿನ ಸೊಸೆಗೆ. "ಅವತ್ತು ನಿಮ್ಮೆಜಮಾನ್ರ ಮಾತು ಕೇಳಬಾರದಿತ್ತು. ಇದನ್ನ ಬುಡದಿಂದ ಬಿಡಿಸಿ ಬೇರೆ ಪೈಪಲ್ಲಿ ಚೇಂಬರಿಗೆ ಬಿಡಬೇಕು. ಅಂಗಳ ಒಡೀಬೇಕು."

ಸೊಸೆ ಎದ್ದು ಮೆಟ್ಟಿಲಿನತ್ತ ಹೋದಳು. ಜಗಳದಲ್ಲಿ ಉರುಳಿದ ಸಮ್ಮಟಿಗೆ ಇನ್ನೂ ಅಲ್ಲೇ ಬಿದ್ದಿತ್ತು. ಎತ್ತಿಕೊಂಡು ಬಂದು ಅಂಗಳದ ನಟ್ಟನಡುವಿನ ಕಲ್ಲಿಗೆ ಹೊಡೆದಳು. ಬಿರುಕು ಬಿಡಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮತ್ತೆ ಹೊಡೆದಳು. ಕಲ್ಲು ಚೂರಾದ ಮೇಲೂ ನಿಲ್ಲಿಸಲಿಲ್ಲ. ಚೂರುಗಳು ಸಿಡಿದು ಅವಳ ಮೊಣಕಾಲು ಕೊಯ್ದವು, ಬಾಯಿಂದ ಎಂದೂ ಬರದ ಬೈಗುಳ ಬಂತು. ಚೇಂಬರು ಇದ್ದದ್ದು ಬಲಗಡೆ. ಅವಳು ಎಡಗಡೆಯ ಕಲ್ಲುಗಳನ್ನೂ ಬಿಡಲಿಲ್ಲ.

"ಅತ್ತಿಗೆ, ಆ ಕಡೆ ಬೇಕಾಗಿಲ್ಲ," ಎಂದಳು ಪೈಪಕ್ಕ.

"ನನಗೆ ಬೇಕು," ಎಂದಳು ಅವಳು.

ಸಂಜೆಯೊಳಗೆ ಪೈಪು ಹೂಳಿದರು. ಮೆಷಿನ್ನು ಬಿಟ್ಟರು, ಮೇಲಿನ ಮೂರೂ ಫ್ಲಶ್‌ಗಳನ್ನು ಒಂದರ ಹಿಂದೊಂದು ಎಳೆದರು. ಜಾಲರಿಯ ಕೆಳಗಿನ ನೀರು ಕದಲಲಿಲ್ಲ.

ಅಷ್ಟರಲ್ಲಿ ಪೊಲೀಸರು ಬಂದರು. ದೊಡ್ಡ ಮಗ ನೊರೆಯಲ್ಲಿ ಜಾರಿ ಕೈ ಮುರಿದುಕೊಂಡ ಎಂದು ತಾಯಿ ಸಾಧಿಸಿದಳು. ಪೈಪಕ್ಕ, "ಸುಳ್ಳು ಯಾಕಮ್ಮ, ಹೊಡೆದದ್ದು ನಾನೇ. ಮೊದಲು ಹೊಡೆದದ್ದು ಅವರು," ಎಂದು ರಕ್ತ ಹೆಪ್ಪುಗಟ್ಟಿದ ಕಿವಿ ತೋರಿಸಿದಳು. ಎರಡೂ ಕಡೆ ಕೇಸಾಯಿತು. ವರ್ಷಗಟ್ಟಲೆ ಎಳೆದು, ಕೊನೆಗೆ ದೊಡ್ಡವನೂ ಪೈಪಕ್ಕನೂ ರಾಜಿಯಾದರು. ದೊಡ್ಡವನ ಮಣಿಕಟ್ಟು ಸೊಟ್ಟಕ್ಕೆ ಕೂಡಿಕೊಂಡಿತು. ಅವನು ಮತ್ತೆ ಮರ ಎತ್ತಲಿಲ್ಲ. ಪೈಪಕ್ಕನಿಗೆ ಎಡಗಿವಿ ಮತ್ತೆ ಕೇಳಿಸಲೇ ಇಲ್ಲ. ಚಿಕ್ಕವನು ಹೊಸ ಅಂತಸ್ತನ್ನು ಬಾಡಿಗೆಗೆ ಕೊಟ್ಟು ಬೇರೆ ಊರಿಗೆ ಹೋದ. ಅಣ್ಣತಮ್ಮಂದಿರು ಕೂಡಲಿಲ್ಲ.

ಕೆಳಗಿನ ಸೊಸೆ ಕೇಸು ನಡೆಯುತ್ತಿರುವಾಗಲೇ ಒಂದು ಬೆಳಿಗ್ಗೆ ಕೈಚೀಲ ಹಿಡಿದು ಪೈಪಕ್ಕನ ಬಾಗಿಲಲ್ಲಿ ನಿಂತಿದ್ದಳು. ಕಣ್ಣಿನ ಕೆಳಗೆ ಹೊಸ ಊತ.

"ಕೆಲಸ ಕಲಿಸ್ತೀಯಾ?"

"ನನಗೆ ಕೋಪ ಜಾಸ್ತಿ ಅತ್ತಿಗೆ."

"ಹೊಡೀತೀಯಾ?"

ಪೈಪಕ್ಕ ಆ ಊತವನ್ನೊಮ್ಮೆ ನೋಡಿದಳು. "ಬೈತೀನಿ," ಎಂದಳು.

"ಬೈ, ಪರವಾಗಿಲ್ಲ," ಎಂದು ಅವಳು ಚಪ್ಪಲಿ ಬಿಟ್ಟು ಒಳಗೆ ಬಂದಳು.